ಬಿಲ್ ನಲವತ್ತು ಸಾವಿರ, ಖಾತೆಗೆ ಬಂದದ್ದು ಮೂವತ್ತಮೂರು

ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಕೆಲಸ ಮಾಡುವ ಒಬ್ಬ ಒಳಾಂಗಣ ವಿನ್ಯಾಸಗಾರ್ತಿಯ ಲೆಕ್ಕವನ್ನು ನೋಡೋಣ. ಬೆಂಗಳೂರಿನ ಒಂದು ಕಂಪನಿಗೆ ಅವರು 2025ರ ಜೂನ್‌ನಲ್ಲಿ 30,000 ರೂಪಾಯಿಯ ಬಿಲ್ ಕಳಿಸಿದರು, ಪೂರ್ತಿ ಹಣ ಖಾತೆಗೆ ಬಂತು. ಸೆಪ್ಟೆಂಬರ್‌ನಲ್ಲಿ 40,000 ರೂಪಾಯಿಯ ಬಿಲ್ ಹೋಯಿತು, ಬಂದದ್ದು 33,000 ಮಾತ್ರ. ಟಿಡಿಎಸ್ ಶೇಕಡಾ 10 ಅಂತ ಅವರಿಗೆ ಗೊತ್ತು. ಹಾಗಾದರೆ 4,000 ಕಡಿಯಬೇಕಿತ್ತು, 7,000 ಏಕೆ ಹೋಯಿತು?

ಕಂಪನಿ ಕಡಿದದ್ದು ಸರಿಯಾಗಿಯೇ ಇದೆ. ವೃತ್ತಿಪರರ ಶುಲ್ಕಕ್ಕೆ ಆ ವರ್ಷ ಅನ್ವಯಿಸುತ್ತಿದ್ದ 194ಜೆ ಕಲಮಿನ ಪ್ರಕಾರ, ಒಬ್ಬ ಗ್ರಾಹಕರು ಒಂದು ಆರ್ಥಿಕ ವರ್ಷದಲ್ಲಿ ನಿಮಗೆ ಕೊಡುವ ಶುಲ್ಕ 50,000 ರೂಪಾಯಿ ದಾಟದಿದ್ದರೆ ಕಡಿತ ಮಾಡಬೇಕಿಲ್ಲ. 2025ರ ಏಪ್ರಿಲ್ 1ಕ್ಕೆ ಮೊದಲು ಈ ಮಿತಿ 30,000 ಇತ್ತು. ಆದರೆ ಮಿತಿ ದಾಟಿದರೆ ತೆರಿಗೆ ದಾಟಿದಷ್ಟು ಭಾಗಕ್ಕಲ್ಲ, ಮೊದಲ ರೂಪಾಯಿಯಿಂದ ಎಲ್ಲದಕ್ಕೂ ಬೀಳುತ್ತದೆ. ಎರಡು ಬಿಲ್ ಸೇರಿ 70,000 ಆಯಿತು, ಅದರ ಶೇಕಡಾ 10 ಎಂದರೆ 7,000. ಜೂನ್‌ನಲ್ಲಿ ಬಿಟ್ಟಿದ್ದ 3,000 ಸೆಪ್ಟೆಂಬರ್ ಬಿಲ್‌ನಲ್ಲಿ ವಸೂಲಾಯಿತು, ಅಷ್ಟೇ. ವರ್ಷದಲ್ಲಿ ಮಿತಿ ದಾಟುತ್ತದೆಂದು ಮೊದಲೇ ಅಂದಾಜಿದ್ದ ಕಂಪನಿ ಜೂನ್‌ನಿಂದಲೇ ಕಡಿಯುತ್ತಿತ್ತು.

ಡಿಸೆಂಬರ್‌ನಲ್ಲಿ 25,000ದ ಬಿಲ್‌ಗೆ 22,500 ಬಂತು. ಈಗ ಒಟ್ಟು ಮಾಡಿ ನೋಡಿ: ಬಿಲ್ 95,000, ಬ್ಯಾಂಕಿಗೆ ಬಂದದ್ದು 85,500, ವ್ಯತ್ಯಾಸ 9,500. ಸರಿಯಾಗಿ ಶೇಕಡಾ 10. ಒಂದೊಂದೇ ಬಿಲ್ ಹಿಡಿದು ನೋಡಿದರೆ ತಾಳೆಯಾಗದ ಲೆಕ್ಕ ಗ್ರಾಹಕರವಾರು, ವರ್ಷವಾರು ಕೂಡಿದಾಗ ತಾಳೆಯಾಗುತ್ತದೆ. ಆದ್ದರಿಂದ ಪ್ರತಿ ಗ್ರಾಹಕರಿಗೂ ಒಂದು ಹಾಳೆ ಇಟ್ಟು, ಬಿಲ್ ಸಂಖ್ಯೆ, ಬಿಲ್ ಮೊತ್ತ, ಬ್ಯಾಂಕಿಗೆ ಬಂದ ದಿನಾಂಕ ಮತ್ತು ಹಣ, ಕಡಿತ, ಇಷ್ಟನ್ನು ಬರೆದುಕೊಳ್ಳುವುದು ಒಳ್ಳೆಯದು.

ಬಿಲ್‌ನಲ್ಲಿ ಜಿಎಸ್‌ಟಿ ಇದ್ದರೆ ಇನ್ನೊಂದು ಅಂಶ ಸೇರಿಕೊಳ್ಳುತ್ತದೆ. ಮಿತಿ ಆಗಲೇ ದಾಟಿದೆ ಎಂದುಕೊಳ್ಳೋಣ. ಶುಲ್ಕ 80,000, ಜಿಎಸ್‌ಟಿ 14,400, ಒಟ್ಟು 94,400. ಜಿಎಸ್‌ಟಿಯನ್ನು ಬಿಲ್‌ನಲ್ಲಿ ಬೇರೆಯಾಗಿ ತೋರಿಸಿದ್ದರೆ ಕಡಿತ 80,000ಕ್ಕೆ ಮಾತ್ರ, ಅಂದರೆ 8,000. ಖಾತೆಗೆ 86,400 ಬರಬೇಕು. 84,960 ಬಂದಿದ್ದರೆ ಕಂಪನಿಯ ಲೆಕ್ಕಪತ್ರ ವಿಭಾಗ ಜಿಎಸ್‌ಟಿಯ ಮೇಲೂ ಕಡಿದಿದೆ ಎಂದು ಆ ಅಂಕಿಯೇ ಹೇಳುತ್ತದೆ. ಕಡಿತ ಶೇಕಡಾ 20 ಆಗಿದ್ದರೆ ಅವರ ಬಳಿ ನಿಮ್ಮ ಪ್ಯಾನ್ ಇಲ್ಲದಿರಬಹುದು.

ವ್ಯತ್ಯಾಸ ಸರಿಹೊಂದಿದ ಮೇಲೂ ಅರ್ಧ ಕೆಲಸ ಬಾಕಿ ಇರುತ್ತದೆ. ಕಡಿದ ಹಣ ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂಬುದನ್ನು ಬ್ಯಾಂಕ್ ಪಾಸ್‌ಬುಕ್ ಹೇಳುವುದಿಲ್ಲ, ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಸಿಗುವ 26ಎಎಸ್ ಹೇಳುತ್ತದೆ. ಕಂಪನಿ ಮೂರು ತಿಂಗಳಿಗೊಮ್ಮೆ ಟಿಡಿಎಸ್ ವಿವರಪಟ್ಟಿ ಸಲ್ಲಿಸುತ್ತದೆ. ಸೆಪ್ಟೆಂಬರ್ ತ್ರೈಮಾಸಿಕಕ್ಕೆ ಅಕ್ಟೋಬರ್ 31 ಕೊನೆಯ ದಿನ. ಅದಾದ ಮೇಲೆ ಕಂಪನಿಯ ಹೆಸರು, ಟ್ಯಾನ್ ಸಂಖ್ಯೆಯ ಎದುರು 70,000 ಮತ್ತು 7,000 ಕಾಣಬೇಕು. ನವೆಂಬರ್ ಮಧ್ಯದ ಹೊತ್ತಿಗೆ ಫಾರ್ಮ್ 16ಎ ಕೈಸೇರಬೇಕು. ಕಾಣದಿದ್ದರೆ ಹೆಚ್ಚಾಗಿ ಎರಡರಲ್ಲೊಂದು ಕಾರಣ: ಪ್ಯಾನ್‌ನ ಒಂದು ಅಕ್ಷರ ತಪ್ಪಾಗಿದೆ, ಇಲ್ಲವೇ ಕಂಪನಿ ಕಡಿದ ಹಣವನ್ನು ಸರ್ಕಾರಕ್ಕೆ ಕಟ್ಟಿಯೇ ಇಲ್ಲ. ಬಿಲ್ ಸಂಖ್ಯೆ, ಹಣ ಬಂದ ದಿನಾಂಕ, ಕಡಿತದ ಮೊತ್ತ ಬರೆದು, ವಿವರಪಟ್ಟಿ ತಿದ್ದಿ ಸಲ್ಲಿಸಿ ಎಂದು ಇಮೇಲ್‌ನಲ್ಲೇ ಕೇಳಿ. ಫೋನಿನ ಮಾತಿಗೆ ದಾಖಲೆ ಇರುವುದಿಲ್ಲ. ಕಡಿದು ಕಟ್ಟದೆ ಉಳಿಸಿಕೊಂಡ ತೆರಿಗೆಯನ್ನು ಇಲಾಖೆ ಮತ್ತೆ ನಿಮ್ಮಿಂದ ಕೇಳುವಂತಿಲ್ಲ ಎಂದು ಕಾನೂನು ಹೇಳುತ್ತದೆ. ಆದರೂ 26ಎಎಸ್‌ನಲ್ಲಿ ಇಲ್ಲದ ಕಡಿತಕ್ಕೆ ರಿಟರ್ನ್ ಪರಿಶೀಲನೆಯಲ್ಲಿ ತಾನಾಗಿ ಮನ್ನಣೆ ಸಿಗುವುದು ಕಷ್ಟ. ಆಗ ಕೈಹಿಡಿಯುವುದು ಈ ಪತ್ರವ್ಯವಹಾರವೇ.

ರಿಟರ್ನ್‌ನಲ್ಲಿ ಬಹಳ ಜನ ಎಡವುವುದು ಪಾಸ್‌ಬುಕ್ಕಿನ 85,500ನ್ನೇ ಸ್ವೀಕೃತಿ ಎಂದು ತೋರಿಸಿ. ಕಡಿದ 9,500 ಕೂಡ ನಿಮ್ಮದೇ ಗಳಿಕೆ, ನಿಮ್ಮ ಪರವಾಗಿ ಮುಂಗಡ ಕಟ್ಟಿದ ತೆರಿಗೆ. ಸ್ವೀಕೃತಿ 95,000 ಎಂದೇ ಬರೆದು, 9,500ನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಬೇಕು. ಒಟ್ಟು ತೆರಿಗೆ ಅದಕ್ಕಿಂತ ಕಡಿಮೆಯಾದರೆ ಉಳಿದದ್ದು ವಾಪಸು ಬರುತ್ತದೆ.

ಮಾರ್ಚ್ ಬಿಲ್ ಮಾತ್ರ ಸ್ವಲ್ಪ ಗೋಜಲು. ಕಂಪನಿ ಬಿಲ್ಲನ್ನು ತನ್ನ ಪುಸ್ತಕಕ್ಕೆ ಏರಿಸಿದ ದಿನ, ಹಣ ಕೊಟ್ಟ ದಿನ, ಇವೆರಡರಲ್ಲಿ ಯಾವುದು ಮೊದಲೋ ಆಗಲೇ ಕಡಿಯಬೇಕು. ಹೀಗಾಗಿ ಹಣ ಏಪ್ರಿಲ್‌ನಲ್ಲಿ ಬಂದರೂ ಕಡಿತ ಹಿಂದಿನ ವರ್ಷದ 26ಎಎಸ್‌ನಲ್ಲಿ ಕೂತಿರುತ್ತದೆ. ಬಿಲ್ ದಿನಾಂಕದ ಮೇಲೆ ಲೆಕ್ಕ ಇಡುವವರಿಗೆ ಆದಾಯ, ಕಡಿತ ಎರಡೂ ಒಂದೇ ವರ್ಷಕ್ಕೆ ಬರುವುದರಿಂದ ತೊಂದರೆಯಿಲ್ಲ. ಹಣ ಕೈಸೇರಿದಾಗ ಮಾತ್ರ ಬರೆಯುವವರು ಆ ಕಡಿತದ ಮನ್ನಣೆಯನ್ನು, ಆದಾಯ ತೋರಿಸುವ ಮುಂದಿನ ವರ್ಷಕ್ಕೆ ಒಯ್ಯಬೇಕು. ರಿಟರ್ನ್ ಫಾರ್ಮ್‌ನ ಟಿಡಿಎಸ್ ಪಟ್ಟಿಯಲ್ಲಿ ಅದಕ್ಕೆಂದೇ ಅಂಕಣವಿದೆ.