ಈ ಮನವಿಯಲ್ಲಿ ಒಟ್ಟು ಮೊತ್ತ ಏಕಿಲ್ಲ?

ನಮ್ಮ ಸದಸ್ಯರೊಬ್ಬರ 9 ವರ್ಷದ ಮಗಳ ರಕ್ತಪರೀಕ್ಷೆಯಲ್ಲಿ ಬಲಿಯದ ಬಿಳಿ ರಕ್ತಕಣಗಳು ಕಂಡಿವೆ. ರಕ್ತದ ಕ್ಯಾನ್ಸರ್ ಎಂಬ ಶಂಕೆ ಬಲವಾಗಿದೆ. ಯಾವ ಬಗೆಯದೆಂದು ಇನ್ನೂ ಗೊತ್ತಿಲ್ಲ. ಅಸ್ಥಿಮಜ್ಜೆಯ ಪರೀಕ್ಷಾ ವರದಿ ಬರಬೇಕು. ಅದು ಲಿಂಫೋಬ್ಲಾಸ್ಟಿಕ್ ಎಂದಾದರೆ ಚಿಕಿತ್ಸೆ ಎರಡು-ಮೂರು ವರ್ಷ, ಬಹುಪಾಲು ಮನೆಯಿಂದ ಹೋಗಿಬಂದು. ಮೈಲಾಯ್ಡ್ ಎಂದಾದರೆ ಕೆಲವೇ ತಿಂಗಳು, ಆದರೆ ಹೆಚ್ಚಿನ ದಿನ ಆಸ್ಪತ್ರೆಯಲ್ಲೇ. ಖರ್ಚಿನ ಲೆಕ್ಕ ಎರಡಕ್ಕೂ ಬೇರೆ.

‘ಸುಮಾರು 10 ಲಕ್ಷ’ ಎಂದು ಊಹಿಸಿ ಬರೆದರೆ ಆ ಅಂಕಿಯೇ ವಾಟ್ಸಾಪ್‌ನಲ್ಲಿ ಓಡಾಡುತ್ತದೆ; ಆಮೇಲೆ ತಿದ್ದಿದರೆ ಜನ ಅನುಮಾನಿಸುವುದು ಆ ಕುಟುಂಬವನ್ನೇ. ಆದ್ದರಿಂದ ಮೊತ್ತದ ಜಾಗದಲ್ಲಿ ‘ತಿಳಿದಿಲ್ಲ; ಮಜ್ಜೆಯ ವರದಿ ಬಂದೊಡನೆ ತಿಳಿಸುತ್ತೇವೆ’ ಎಂದು ಬರೆದಿದ್ದೇವೆ. ಕಸಿ ಬೇಕೇ ಎಂಬುದು ಮೊದಲ ಹಂತದ ಕೀಮೋ ಮುಗಿಯುವ ಮುನ್ನ ಸ್ಪಷ್ಟವಾಗುವುದು ಕಷ್ಟ. ಸದ್ಯಕ್ಕೆ ಬೇಕಾದದ್ದು ಪರೀಕ್ಷೆಗಳ ಖರ್ಚು ಮತ್ತು ಪ್ಲೇಟ್‌ಲೆಟ್ ದಾನಿಗಳು.