ವರ್ಗಮೂಲವು ‘ತರಗತಿಯ ಬೇರು’ ಆದಾಗ

ಗಣಿತದ ಪುಸ್ತಕದಲ್ಲಿ ‘ವರ್ಗಮೂಲ’ ಎಂಬ ಪದವಿರುವಲ್ಲಿ ಯಾರೋ ‘ತರಗತಿಯ ಬೇರು’ ಎಂದು ಮುದ್ರಿಸಿದ್ದಾರೆಂದು ಭಾವಿಸಿರಿ. ವರ್ಗ ಎಂದರೆ ತರಗತಿ, ಮೂಲ ಎಂದರೆ ಬೇರು. ನಿಘಂಟಿನ ಪ್ರಕಾರ ಎರಡೂ ಸರಿ. ಆದರೂ 49ರ ‘ತರಗತಿಯ ಬೇರು’ 7 ಎಂದು ಓದಿದರೆ ಐದನೆಯ ತರಗತಿಯ ಮಗುವೂ ನಗುತ್ತದೆ. ಇಂತಹವೇ ಪದಗಳು ಇಂಗ್ಲಿಷಿನ ಸಂಶೋಧನ ಲೇಖನಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿ ಸೇರಿಕೊಂಡಿವೆ. ಅಲ್ಲಿ ಮಾತ್ರ ನಮ್ಮ ಮಕ್ಕಳಿಗೆ ನಗು ಬರುವುದಿಲ್ಲ, ಅಳುಕು ಬರುತ್ತದೆ.

ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಓದಿ, ಈಗ ಇಂಜಿನಿಯರಿಂಗ್ ಕಲಿಯುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪ್ರಾಜೆಕ್ಟಿಗಾಗಿ ಇಳಿಸಿಕೊಂಡ ಲೇಖನವೊಂದನ್ನು ನನಗೆ ತೋರಿಸಿದಳು. “ಗುರುಗಳೇ, ನಾಲ್ಕು ಸಲ ಓದಿದೆ, ತಿಳಿಯಲಿಲ್ಲ. ಕನ್ನಡ ಮಾಧ್ಯಮದವಳಾದ್ದರಿಂದ ನನಗೇ ಇಂಗ್ಲಿಷ್ ಬಾರದು” ಎಂದಳು. ಅವಳು ಗೆರೆ ಎಳೆದಿದ್ದ ಪದಗುಚ್ಛ ‘ಫ್ಲ್ಯಾಗ್ ಟು ಕಮೋಷನ್’. ಅಂದರೆ, ಬಾವುಟಕ್ಕೂ ಗಲಾಟೆಗೂ ಇರುವ ಪ್ರಮಾಣ!

ಮೂಲಪದ ‘ಸಿಗ್ನಲ್ ಟು ನಾಯ್ಸ್’. ರಾತ್ರಿ ನಮ್ಮೂರಲ್ಲಿ ಧಾರವಾಡ ಆಕಾಶವಾಣಿ ಹಚ್ಚಿದಾಗ ಕೇಳುವ ಹಾಡು ಸಿಗ್ನಲ್, ಅದರೊಡನೆ ಬರುವ ಗೊರಗೊರ ಸದ್ದು ನಾಯ್ಸ್. ಹಾಡಿನ ಬಲವು ಗೊರಗೊರದ ಬಲದ ಎಷ್ಟು ಪಟ್ಟು ಎಂಬುದೇ ಆ ಪ್ರಮಾಣ. ಆದರೆ ಸಿಗ್ನಲ್ ಎಂಬುದಕ್ಕೆ ಸಮಾನಾರ್ಥಕವಾಗಿ ನಿಘಂಟಿನಲ್ಲಿ ಬಾವುಟವೂ ಸಿಗುತ್ತದೆ, ನಾಯ್ಸ್‌ಗೆ ಗಲಾಟೆಯೂ ಸಿಗುತ್ತದೆ. ವಾಕ್ಯ ತಿರುಚುವ ತಂತ್ರಾಂಶವು ಒಂದೊಂದೇ ಪದವನ್ನು ತೆಗೆದು ಅದರ ‘ಸೋದರ’ನನ್ನು ಕೂರಿಸುತ್ತದೆ. ಎರಡು ಪದಗಳು ಕೂಡಿ ಒಂದೇ ಪಾರಿಭಾಷಿಕ ಪದವಾಗಿವೆ ಎಂಬುದು ಅದಕ್ಕೆ ತಿಳಿಯದು.

ಈ ತಂತ್ರಾಂಶದ ಮೊರೆ ಹೋಗುವುದೇಕೆ? ಕೃತಿಚೌರ್ಯ ಪತ್ತೆಮಾಡುವ ತಂತ್ರಾಂಶವು ಮುಖ್ಯವಾಗಿ ಹಳೆಯ ಲೇಖನಗಳೊಡನೆ ಸಾಲುಸಾಲಾಗಿ ಹೊಂದುವ ಪದಗಳನ್ನು ಹುಡುಕಿ ಶೇಕಡಾವಾರು ಲೆಕ್ಕ ಕೊಡುತ್ತದೆ. ನಮ್ಮ ಯುಜಿಸಿಯ 2018ರ ನಿಯಮಾವಳಿಯಂತೆ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಕದ್ದ ಪುಟದಲ್ಲಿ ಪದಗಳನ್ನು ಬದಲಿಸಿದರೆ ಲೆಕ್ಕ ಇಳಿಯುತ್ತದೆ, ಕಳವು ಹಾಗೇ ಉಳಿಯುತ್ತದೆ. ವಿಚಿತ್ರವೆಂದರೆ, ಸಾಮಾನ್ಯ ಪಾರಿಭಾಷಿಕ ಪದಗಳನ್ನೂ ಪ್ರಮಾಣಿತ ಸಮೀಕರಣಗಳನ್ನೂ ಹೋಲಿಕೆಯ ಲೆಕ್ಕದಿಂದ ಬಿಡಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ. ಪ್ರಾಮಾಣಿಕವಾಗಿ ಬರೆದವನಿಗೆ ಅವುಗಳನ್ನು ಬದಲಿಸುವ ಅಗತ್ಯವೇ ಇಲ್ಲ.

2021ರ ಜುಲೈನಲ್ಲಿ ಗಿಯೋಮ್ ಕಬನಾಕ್, ಸಿರಿಲ್ ಲಾಬೆ ಮತ್ತು ಅಲೆಕ್ಸಾಂಡರ್ ಮಗಜಿನೋವ್ ಎಂಬ ಮೂವರು ಈ ಪದಗಳಿಗೆ ‘ಟಾರ್ಚರ್ಡ್ ಫ್ರೇಸಸ್’ ಎಂದು ಹೆಸರಿಟ್ಟರು. ‘ಚಿತ್ರಹಿಂಸೆಗೊಳಗಾದ ಪದಗುಚ್ಛಗಳು’ ಎನ್ನಬಹುದು. ಎಲ್ಸೆವಿಯರ್ ಪ್ರಕಾಶನದ ‘ಮೈಕ್ರೊಪ್ರೊಸೆಸರ್ಸ್ ಆ್ಯಂಡ್ ಮೈಕ್ರೊಸಿಸ್ಟಮ್ಸ್’ ಎಂಬ ಪತ್ರಿಕೆಯನ್ನು ಅವರು ಹತ್ತಿರದಿಂದ ಪರೀಕ್ಷಿಸಿದರು. ಅಲ್ಲಿ ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಎಂಬುದು ‘ಕೌಂಟರ್‌ಫಿಟ್ ಕಾನ್ಷಿಯಸ್‌ನೆಸ್’ ಆಗಿತ್ತು, ಅಂದರೆ ಖೋಟಾ ಪ್ರಜ್ಞೆ. ‘ಬಿಗ್ ಡೇಟಾ’ ಎಂಬುದು ‘ಕೊಲೊಸಲ್ ಇನ್ಫರ್ಮೇಷನ್’ ಆಗಿತ್ತು. ಕೆಲವು ಲೇಖನಗಳು ಸಲ್ಲಿಕೆಯಾದ 30 ದಿನಗಳೊಳಗೇ ಅಂಗೀಕೃತವಾಗಿದ್ದವು. ತಜ್ಞರು ನಿಜಕ್ಕೂ ಓದಿದ್ದರೆ ‘ಖೋಟಾ ಪ್ರಜ್ಞೆ’ ಕಣ್ಣು ತಪ್ಪುತ್ತಿತ್ತೇ? ನನಗಂತೂ ಪದಗಳ ತಿರುಚಾಟಕ್ಕಿಂತ ಈ ಪ್ರಶ್ನೆಯೇ ದೊಡ್ಡದು.

ವೈದ್ಯಕೀಯಕ್ಕೆ ಬಂದಾಗ ಇದು ನಗೆಯ ಮಾತಾಗಿ ಉಳಿಯುವುದಿಲ್ಲ. ‘ಬ್ರೆಸ್ಟ್ ಕ್ಯಾನ್ಸರ್’ ಎಂಬುದು ‘ಬೂಸಮ್ ಪೆರಿಲ್’ ಆಗಿದೆ, ‘ಕಿಡ್ನಿ ಫೇಲ್ಯೂರ್’ ಎಂಬುದು ‘ಕಿಡ್ನಿ ಡಿಸಪಾಯಿಂಟ್‌ಮೆಂಟ್’, ಅಂದರೆ ಮೂತ್ರಪಿಂಡದ ನಿರಾಶೆ! ಆಸ್ಪತ್ರೆಗಳ ಊರಾದ ಮಿರಜಿನಲ್ಲಿ ಕಲಿಯುವ ವೈದ್ಯವಿದ್ಯಾರ್ಥಿ ‘ಕಿಡ್ನಿ ಫೇಲ್ಯೂರ್’ ಎಂದು ಹುಡುಕಿದರೆ ಆ ಲೇಖನ ಸಿಗದೇ ಹೋಗಬಹುದು. ಸಿಕ್ಕರೂ ಅದರಲ್ಲಿನ ಅಂಕಿ ಅಂಶಗಳನ್ನು ನಂಬುವುದು ಹೇಗೆ?

ಪರೀಕ್ಷಿಸುವ ದಾರಿ ಸರಳ. ಅನುಮಾನದ ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಹುಡುಕಬೇಕು:

```
"flag to commotion"
```

ನಿಜವಾದ ಪಾರಿಭಾಷಿಕ ಪದವಾದರೆ ಪಠ್ಯಪುಸ್ತಕಗಳಲ್ಲೂ ವಿಶ್ವಕೋಶಗಳಲ್ಲೂ ಸಿಗುತ್ತದೆ. ತಿರುಚಿದ್ದಾದರೆ ಅಂತಹವೇ ಕೆಲವು ಲೇಖನಗಳು ಮತ್ತು ಅವುಗಳ ಬಗೆಗಿನ ಟೀಕೆಗಳು ಮಾತ್ರ ಎದುರಾಗುತ್ತವೆ. ಕಬನಾಕ್ ಅವರ ‘ಪ್ರಾಬ್ಲಮ್ಯಾಟಿಕ್ ಪೇಪರ್ ಸ್ಕ್ರೀನರ್’ ಮಾಡುವುದೂ ಹೆಚ್ಚುಕಡಿಮೆ ಇದನ್ನೇ: ಪರಿಚಿತ ತಿರುಚು ಪದಗಳ ಪಟ್ಟಿಯನ್ನು ಹಿಡಿದು ಪ್ರಕಟಿತ ಲೇಖನಗಳನ್ನು ಜರಡಿ ಹಿಡಿಯುವುದು. ಸಿಕ್ಕಿದ್ದನ್ನು ಆಮೇಲೆ ಮನುಷ್ಯರೇ ಓದಿ ತೀರ್ಮಾನಿಸಬೇಕು. ಏಕೆಂದರೆ ಒಂದು ವಿಚಿತ್ರ ಪದ ಕಂಡೊಡನೆ ಕಳವೆನ್ನಲಾಗದು, ಇಂಗ್ಲಿಷಿನಲ್ಲಿ ಹಿಡಿತವಿಲ್ಲದ ಪ್ರಾಮಾಣಿಕನೂ ಹಾಗೆ ಬರೆದಿರಬಹುದು. ಒಂದೇ ಪುಟದಲ್ಲಿ ನಾಲ್ಕೈದು ಸಿಕ್ಕರೆ ಮಾತು ಬೇರೆ. ಈಚಿನ ಭಾಷಾ ತಂತ್ರಾಂಶಗಳು ಇಷ್ಟು ಒರಟಾಗಿ ತಿರುಚುವುದಿಲ್ಲವಾದ್ದರಿಂದ, ವಿಚಿತ್ರ ಪದವಿಲ್ಲದ ಲೇಖನವೆಲ್ಲ ಸಾಚಾ ಎನ್ನುವಂತೆಯೂ ಇಲ್ಲ.

ವಿದ್ಯಾರ್ಥಿನಿ ನನ್ನೆದುರಿಗೇ ಹುಡುಕಿದಳು. ನಂತರ ತನ್ನ ಪಠ್ಯಪುಸ್ತಕ ತೆರೆದು ‘ಸಿಗ್ನಲ್ ಟು ನಾಯ್ಸ್’ ಇರುವ ಪುಟವನ್ನು ಓದಿದಳು. ಒಂದೇ ಸಲಕ್ಕೆ ತಿಳಿಯಿತಂತೆ. ಪ್ರಾಜೆಕ್ಟಿನ ಆಧಾರಗಳ ಪಟ್ಟಿಯಿಂದ ಆ ಲೇಖನವನ್ನು ತೆಗೆದುಹಾಕಿದಳು.