ಗಡಿಯ ಆಚೀಚೆ ಒಂದೇ ಜನ
ಚೇವಾ ಮತ್ತು ತುಂಬುಕಾ ಜನಾಂಗಗಳು ಆಫ್ರಿಕಾದ ಮಲಾವಿಯಲ್ಲೂ ಇವೆ, ಪಕ್ಕದ ಜಾಂಬಿಯಾದಲ್ಲೂ ಇವೆ. ನಡುವಿನ ಗಡಿ ಬ್ರಿಟಿಷರು ಎಳೆದದ್ದು. ಆದರೂ ಮಲಾವಿಯಲ್ಲಿ ಇವರು ರಾಜಕೀಯ ಎದುರಾಳಿಗಳು, ಜಾಂಬಿಯಾದಲ್ಲಿ ಮಿತ್ರರು. ಡೇನಿಯಲ್ ಪೋಸ್ನರ್ 2004ರ ತಮ್ಮ ಅಧ್ಯಯನಕ್ಕೆ ಗಡಿಯ ಆಚೀಚೆಯ ಹಳ್ಳಿಗಳನ್ನೇ ಆರಿಸಿಕೊಂಡರು. ನುಡಿ, ಆಚಾರ ಒಂದೇ ಆದ ಮೇಲೆ ಸಂಸ್ಕೃತಿಯನ್ನು ದೂರುವಂತಿಲ್ಲ. ವ್ಯತ್ಯಾಸ ಸಂಖ್ಯಾಬಲದ್ದು: ಮಲಾವಿಯಲ್ಲಿ ಎರಡೂ ದೊಡ್ಡ ವೋಟ್‌ಬ್ಯಾಂಕ್, ಜಾಂಬಿಯಾದಲ್ಲಿ ಎರಡೂ ಸಣ್ಣವು, ಹಾಗಾಗಿ ‘ಪೂರ್ವದವರು’ ಎಂದು ಒಂದಾಗುತ್ತವೆ.

ಇದು ‘ಅತಿ ಸದೃಶ’ ಪ್ರಕರಣಗಳ ಆಯ್ಕೆ. ತೊಡಕೂ ಇದೆ: ಗಡಿ ದಾಟಿದರೆ ಪಕ್ಷ, ಆಳ್ವಿಕೆಯ ಚರಿತ್ರೆಯೂ ಬದಲಾಗುತ್ತದೆ; ಅವು ಕಾರಣವಲ್ಲವೆಂದು ಬೇರೆಯಾಗಿಯೇ ತೋರಿಸಬೇಕು.

‘ಅತಿ ಭಿನ್ನ’ ಆಯ್ಕೆ ಇದರ ತಿರುವುಮುರುವು. ಫ್ರಾನ್ಸ್, ರಷ್ಯಾ, ಚೀನಾ ಎಲ್ಲದರಲ್ಲೂ ಬೇರೆ, ಕ್ರಾಂತಿ ಮಾತ್ರ ಸಮಾನ. ಥೀಡಾ ಸ್ಕಾಚ್‌ಪೋಲ್ ಕಂಡ ಸಮಾನ ಕಾರಣ: ಕುಸಿದ ರಾಜ್ಯಯಂತ್ರ, ರೈತರ ದಂಗೆ. ಕ್ರಾಂತಿಯಾಗದ ಕಡೆಯೂ ಇವೇ ಇದ್ದರೆ ವಾದ ಬೀಳುತ್ತದೆ. ಅದಕ್ಕೇ ಆಕೆ ಜಪಾನ್, ಪ್ರಶ್ಯಾಗಳನ್ನೂ ಹೋಲಿಕೆಗೆ ತಂದರು.